ಗುಡಿಯ ಗೋಡೆಯ ಶ್ಲೋಕ: ಅಕ್ಷರ ಕೊಡುವುದೋ, ಅರ್ಥ ಹೇಳುವುದೋ, ವಿವರಿಸುವುದೋ?

ಹಳೆಯ ಗುಡಿಗೆ ಹೋದವರು ಗೋಡೆಯ ಮೇಲಿನ ಅಕ್ಷರಗಳ ಫೋಟೊ ತೆಗೆದು ಕಳಿಸುತ್ತಾರೆ. ಜೊತೆಗೆ ಒಂದೇ ಸಾಲು ಬರೆದಿರುತ್ತಾರೆ: "ಇದರಲ್ಲಿ ಏನಿದೆ, ಸ್ವಲ್ಪ ಹೇಳಿ." ಹಳೆಗನ್ನಡ ಲಿಪಿ ಓದಲು ಬರುವವರಿಗೆ ತೊಡಕು ಶುರುವಾಗುವುದೇ ಇಲ್ಲಿ. ಕಲ್ಲಿನ ಮೇಲಿರುವುದನ್ನು ಇವತ್ತಿನ ಕನ್ನಡ ಅಕ್ಷರದಲ್ಲಿ ಬರೆದುಕೊಡಬಹುದು. ಅದು ಲಿಪ್ಯಂತರ. ಪದಕ್ಕೆ ಪದ ಹಿಡಿದು ಅರ್ಥ ಹೇಳಬಹುದು. ಇಲ್ಲವೇ ಈ ಶ್ಲೋಕ ಎಲ್ಲಿಂದ ಬಂತು, ಇಲ್ಲಿ ಯಾಕಿದೆ ಎಂದು ನಾಲ್ಕು ಮಾತಿನಲ್ಲಿ ವಿವರಿಸಬಹುದು.

ಮೂರನ್ನೂ ಕೊಟ್ಟುಬಿಟ್ಟರೆ ಆಯಿತಲ್ವಾ ಅನ್ನಿಸಬಹುದು. ಕೊಡಬಹುದು. ಆದರೆ ಯಾವುದು ಮೊದಲು, ಯಾವುದು ಮುಖ್ಯ ಅನ್ನುವುದರಿಂದ ಓದುವವರ ನಡೆಯೇ ಬದಲಾಗುತ್ತದೆ. ಇತಿಹಾಸ ಓದುವವರು ಸಾಲನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಭಕ್ತಿಯಿಂದ ಓದುವವರು ಅದನ್ನು ಬಾಯಿಗೆ ತಂದುಕೊಳ್ಳುತ್ತಾರೆ, ದೇವರ ಮುಂದೆ ಹೇಳುತ್ತಾರೆ, ಮಕ್ಕಳಿಗೂ ಕಲಿಸುತ್ತಾರೆ. ನಮ್ಮ ದೊಡ್ಡಮ್ಮ ಯಾವ ಫೋಟೊ ಕಳಿಸಿದರೂ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಇದನ್ನ ದೀಪ ಹಚ್ಚುವಾಗ ಹೇಳಬಹುದೇನಪ್ಪಾ?" ಆ ಪ್ರಶ್ನೆಗೆ ಬರೀ ಲಿಪ್ಯಂತರ ಉತ್ತರ ಕೊಡುವುದಿಲ್ಲ. ಉತ್ತರ ಬೇಕೆಂದರೆ ಆ ಶ್ಲೋಕ ಆ ಕಲ್ಲಿನ ಮೇಲೆ ಏನು ಕೆಲಸ ಮಾಡುತ್ತಿದೆ ಎಂದು ಮೊದಲು ತಿಳಿಯಬೇಕು.

ಕರ್ನಾಟಕದ ಹಳೆಯ ಗುಡಿಗಳಲ್ಲಿ ಗೋಡೆಗೆ ಸೇರಿಸಿ ನಿಲ್ಲಿಸಿದ ಕಲ್ಲು, ಗೋಡೆಯ ಮೇಲೇ ಕೊರೆದ ಸಾಲು, ಕಂಬದ ಮೇಲಿನ ಬರಹ ಹೆಚ್ಚಾಗಿ ಶಾಸನಗಳೇ. ಅವುಗಳಲ್ಲಿ ದೊಡ್ಡ ಪಾಲು ದಾನಶಾಸನ. ದೇವರ ಪೂಜೆಗೆ, ದೀಪಕ್ಕೆ, ನೈವೇದ್ಯಕ್ಕೆ ಯಾರೋ ಭೂಮಿ ಬಿಟ್ಟರು, ಅದರ ದಾಖಲೆ. ಕಲ್ಲಿನ ತಲೆಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು ಕರು ಕೆತ್ತಿದ್ದರೆ ಅದು ದಾನದ ಕಲ್ಲೇ ಎಂದು ಹೆಚ್ಚುಕಡಿಮೆ ಹೇಳಬಹುದು. ಇಂಥ ಶಾಸನಕ್ಕೆ ಒಂದು ಕಟ್ಟು ಇರುತ್ತದೆ. ಮೊದಲು ದೇವರ ಸ್ತುತಿ, ಆಮೇಲೆ ರಾಜನ ಬಿರುದು, ಕಾಲ, ದಾನದ ವಿವರ, ಕೊನೆಗೆ ದಾನ ಕಾಪಾಡಿದವರಿಗೆ ಪುಣ್ಯ, ಕೆಡಿಸಿದವರಿಗೆ ಶಾಪ. ಶ್ಲೋಕಗಳು ಹೆಚ್ಚಾಗಿ ಸಿಗುವುದು ಮೊದಲಲ್ಲಿ ಮತ್ತು ಕೊನೆಯಲ್ಲಿ. ಹಾಗಾಗಿ ಫೋಟೊ ಬಂದಾಗ ನಾನು ಕೇಳುವ ಮೊದಲ ಮಾತು "ಇದು ಕಲ್ಲಿನ ಮೇಲ್ಭಾಗವೋ, ಕೆಳಭಾಗವೋ?" ಅಂತ. ಮೇಲಿನದು ಬೇರೆ ಜಾತಿಯ ಶ್ಲೋಕ, ಕೆಳಗಿನದು ಬೇರೆ ಜಾತಿಯದು.

ಮೇಲಿನದನ್ನೇ ಮೊದಲು ತೆಗೆದುಕೊಳ್ಳೋಣ. ಶಿವನ ಗುಡಿಯ ಶಾಸನವಾದರೆ ನೀವು ನೋಡುವ ಮೊದಲ ಸಾಲು ಬಹಳ ಸಲ "ನಮಸ್ತುಂಗ" ಎಂದು ಶುರುವಾಗುತ್ತದೆ. ಚಾಲುಕ್ಯರ ಕಾಲದಿಂದ ಹೊಯ್ಸಳ, ವಿಜಯನಗರದ ಕಾಲದವರೆಗೂ ಕನ್ನಡ ನಾಡಿನ ಕಲ್ಲುಗಳ ಮೇಲೆ ಮತ್ತೆ ಮತ್ತೆ ಬರುವ ಶ್ಲೋಕ ಇದು. ಕಲ್ಲಿನ ಮೇಲೆ ಅದು ಹೇಗೆ ಕಾಣುತ್ತದೆ ಎಂದು ತೋರಿಸಲು ಒಂದು ಮಾದರಿ ಮಾಡಿಕೊಳ್ಳುತ್ತೇನೆ. ಇದು ಯಾವುದೋ ಒಂದೇ ಕಲ್ಲಿನದಲ್ಲ. ಬೇರೆ ಬೇರೆ ಕಲ್ಲುಗಳಲ್ಲಿ ಕಾಣುವ ರೂಪಗಳನ್ನು ಒಂದೆಡೆ ಇಟ್ಟಿದ್ದೇನೆ:

ನಮಸ್ತುಂಗಸಿರಶ್ಚುಂಬಿಚಂ
ದ್ರಚಾಮರಚಾರವೇತ್ರಯಿಲೋಕ್ಯ
ನಗರಾರಂಭಮೂಲ . . ಭಾಯಸಂಭವೇ

ಪದಗಳ ನಡುವೆ ಜಾಗ ಇಲ್ಲ. "ಚಂದ್ರ" ಅನ್ನುವುದು ಎರಡು ಸಾಲಿಗೆ ಒಡೆದುಹೋಗಿದೆ. ಕೊನೆಯ ಸಾಲಿನಲ್ಲಿ ಕಲ್ಲು ಚಕ್ಕೆ ಎದ್ದು ಅಕ್ಷರ ಹೋಗಿದೆ. ಇದನ್ನು ಇದ್ದ ಹಾಗೇ ಬರೆದುಕೊಟ್ಟರೆ ಶಾಸನ ಓದುವವರಿಗೆ ಅನುಕೂಲ. ಅವರಿಗೆ ಕಲ್ಲಿನ ಪ್ರತಿ ತಪ್ಪೂ ಬೇಕು. ಆದರೆ ದೇವರ ಮುಂದೆ ಹೇಳಬೇಕು ಅನ್ನುವವರಿಗೆ ಇದನ್ನೇ ಕೊಟ್ಟರೆ ಅವರು "ಸಂಭವೇ" ಎಂದೇ ಹೇಳಿಕೊಳ್ಳುತ್ತಾರೆ. ಶಂಭು ಹೋಗಿ ಹುಟ್ಟು ಅನ್ನುವ ಬೇರೆ ಪದ ಬಂದುಬಿಡುತ್ತದೆ. ಕೊರೆಯುವವನು ಶ ಬದಲು ಸ ಕೊರೆದದ್ದು ಆ ಕಾಲದ ಬರವಣಿಗೆಯಲ್ಲಿ ತೀರಾ ಸಾಮಾನ್ಯ. ಅದನ್ನು ಮಂತ್ರದ ಪಾಠ ಅಂದುಕೊಳ್ಳಬಾರದು.

ಹಾಗಾದರೆ ಸರಿಯಾದ ರೂಪ ಯಾವುದು ಎಂದು ಹೇಗೆ ತಿಳಿಯುವುದು? ಈ ಶ್ಲೋಕದ ಛಂದಸ್ಸು ಅನುಷ್ಟುಪ್. ಒಂದು ಪಾದಕ್ಕೆ 8 ಅಕ್ಷರ, ಒಟ್ಟು 4 ಪಾದ. ಬೆರಳಲ್ಲಿ ಎಣಿಸಿದರೆ ಸಾಕು. ನ-ಮ-ಸ್ತುಂ-ಗ-ಸಿ-ರ-ಶ್ಚುಂ-ಬಿ, 8. ಚಂ-ದ್ರ-ಚಾ-ಮ-ರ-ಚಾ-ರ-ವೇ, 8. ಮೂರನೆಯ ಪಾದದಲ್ಲಿ ತ್ರ-ಯಿ-ಲೋ-ಕ್ಯ-ನ-ಗ-ರಾ-ರಂ-ಭ ಎಂದು 9 ಬರುತ್ತದೆ. ಒಂದು ಜಾಸ್ತಿ. ಅಂದರೆ "ತ್ರಯಿ" ಅನ್ನುವುದು "ತ್ರೈ" ಆಗಬೇಕು. ಆಗ 8 ಸರಿಯಾಗುತ್ತದೆ. ನಾಲ್ಕನೆಯದರಲ್ಲಿ ಮೂ-ಲ-ಭಾ-ಯ-ಸಂ-ಭ-ವೇ, 7 ಮಾತ್ರ. ಒಂದು ಅಕ್ಷರ ಕಾಣೆ. ಆ ಜಾಗದಲ್ಲಿ "ಸ್ತಂ" ಇಟ್ಟರೆ "ಮೂಲಸ್ತಂಭಾಯ" ಆಗುತ್ತದೆ, ಎಣಿಕೆಯೂ ಕೂಡುತ್ತದೆ.

ಸ ಮತ್ತು ಶ ವಿಷಯದಲ್ಲಿ ಮಾತ್ರ ಎಣಿಕೆ ನೆರವಿಗೆ ಬರುವುದಿಲ್ಲ, ಎರಡರಲ್ಲೂ ಒಂದೇ ಅಕ್ಷರ. ಅಲ್ಲಿ ವ್ಯಾಕರಣ ನೋಡಬೇಕು. "ನಮಃ" ಎಂದರೆ "ಯಾರಿಗೆ?" ಎಂಬ ಪ್ರಶ್ನೆ ಏಳುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಉತ್ತರ ಚತುರ್ಥಿ ವಿಭಕ್ತಿಯಲ್ಲಿ ಬರಬೇಕು. "ಚಾರವೇ", "ಸ್ತಂಭಾಯ" ಎರಡೂ ಚತುರ್ಥಿಯೇ. ಮೂರನೆಯದೂ ಅದೇ ಆಗಬೇಕು: "ಶಂಭವೇ", ಶಂಭುವಿಗೆ. "ಸಂಭವೇ" ಎಂದರೆ ಹುಟ್ಟಿನಲ್ಲಿ ಎಂದಾಗುತ್ತದೆ. ಯಾರಿಗೆ ಅನ್ನುವ ಪ್ರಶ್ನೆಗೆ ಅದು ಕೂಡುವುದೇ ಇಲ್ಲ. ಹೀಗೆ ನೋಡಿಕೊಂಡ ಮೇಲೆ ಹೇಳಲು ಕೊಡುವ ಪಾಠ ಇದು:

ನಮಸ್ತುಂಗಶಿರಶ್ಚುಂಬಿ ಚಂದ್ರಚಾಮರಚಾರವೇ |
ತ್ರೈಲೋಕ್ಯನಗರಾರಂಭ ಮೂಲಸ್ತಂಭಾಯ ಶಂಭವೇ ||

ಪಾದದ ಕೊನೆಗೆ ಒಂದು ಜಾಗ ಬಿಟ್ಟಿದ್ದೇನೆ, ಉಸಿರು ತೆಗೆದುಕೊಳ್ಳಲು. ಸಂಧಿಯನ್ನು ಮಾತ್ರ ಬಿಡಿಸಿಲ್ಲ. ಕೆಲವರು ಸುಲಭ ಆಗಲಿ ಎಂದು "ನಮಃ ತುಂಗ ಶಿರಃ ಚುಂಬಿ" ಎಂದು ಬಿಡಿಬಿಡಿಯಾಗಿ ಬರೆದುಕೊಡುತ್ತಾರೆ. ಬಿಡಿಸಿದ ಪದ ಅರ್ಥದ ಭಾಗಕ್ಕೆ ಸೇರಬೇಕು. ಹೇಳುವ ಪಾಠದಲ್ಲಿ ಬಿಡಿಸಿದರೆ ಓದುವವರು ಹಾಗೇ ಒಡೆದು ಹೇಳುತ್ತಾರೆ, ಶ್ಲೋಕದ ನಡೆ ಕುಂಟುತ್ತದೆ. ಕಲ್ಲಿನಲ್ಲಿ ಬೇರೆ ಹೇಗಿತ್ತು ಅನ್ನುವುದನ್ನು ಕೆಳಗೆ ಒಂದೇ ಸಾಲಿನಲ್ಲಿ ಹೇಳಿದರೆ ಸಾಕು: ಕಲ್ಲಿನಲ್ಲಿ ಸಿರ, ತ್ರಯಿಲೋಕ್ಯ, ಸಂಭವೇ ಎಂದಿದೆ, "ಸ್ತಂ" ಅಳಿಸಿಹೋಗಿದೆ, ನಾವು ತುಂಬಿದ್ದೇವೆ. ಈ ಸಾಲನ್ನು ಮಾತ್ರ ಬಿಡಬಾರದು. ಬಿಟ್ಟರೆ ನಾವು ತುಂಬಿದ್ದನ್ನು ಕಲ್ಲೇ ಹೇಳಿತು ಎಂದಾಗುತ್ತದೆ. ಭಕ್ತಿಯಿಂದ ಓದುವವರು ಕಲ್ಲಿನ ಮಾತಿಗೆ ಕೊಡುವ ಬೆಲೆ ದೊಡ್ಡದು, ಆ ಬೆಲೆಯನ್ನು ನಮ್ಮ ಊಹೆಗೆ ಸುಮ್ನೆ ಎಳೆದುಕೊಳ್ಳುವಂತಿಲ್ಲ.

ಇನ್ನು ಅರ್ಥ. ಇಲ್ಲಿ ಎರಡು ಕಡೆ ಓದುಗರು ಜಾರುತ್ತಾರೆ. "ತುಂಗ" ಎಂದ ಕೂಡಲೇ ತುಂಗಾ ನದಿ ನೆನಪಾಗುತ್ತದೆ, ಅದರಲ್ಲೂ ಗುಡಿ ಹೊಳೆಯ ದಂಡೆಯಲ್ಲಿದ್ದರೆ. ಇಲ್ಲಿ ತುಂಗ ಎಂದರೆ ಎತ್ತರದ ಎಂದಷ್ಟೇ. "ಚಾರವೇ" ನೋಡಿ ಚಾರಣ, ಸಂಚಾರ ಎಂದುಕೊಳ್ಳುವವರೂ ಇದ್ದಾರೆ. ಅದು "ಚಾರು" ಪದದ ಚತುರ್ಥಿ, ಚೆಲುವನಾದವನಿಗೆ ಎಂದು. ಪದಕ್ಕೆ ಪದ ಹೀಗೆ ನಿಲ್ಲುತ್ತದೆ: ಎತ್ತರದ ತಲೆಯನ್ನು ಮುತ್ತಿಡುವ ಚಂದ್ರನೇ ಚಾಮರ, ಆ ಚಾಮರದಿಂದ ಚೆಲುವನಾದವನಿಗೆ, ಮೂರು ಲೋಕವೆಂಬ ಪಟ್ಟಣ ಕಟ್ಟಲು ತೊಡಗಿದಾಗ ನಿಂತ ಮೊದಲ ಕಂಬವಾದವನಿಗೆ, ಶಂಭುವಿಗೆ ನಮಸ್ಕಾರ.

ಈ ಅರ್ಥವನ್ನು ಇನ್ನೂ ನಯ ಮಾಡುವ ಆಸೆ ಆಗುತ್ತದೆ. "ಚಂದ್ರಶೇಖರನೂ ಜಗದಾಧಾರನೂ ಆದ ಶಿವನಿಗೆ ನಮಸ್ಕಾರ" ಎಂದರೆ ಓದಲು ಸಲೀಸು. ಆದರೆ ಚಾಮರ ಹೋಯಿತು, ಪಟ್ಟಣ ಹೋಯಿತು, ಕಂಬ ಹೋಯಿತು. ಶ್ಲೋಕದಲ್ಲಿ ಕಣ್ಣಿಗೆ ಕಾಣುವ ಚಿತ್ರ ಏನಿತ್ತೋ ಅದೆಲ್ಲ ಹೋಗಿ, ಯಾವ ಶಿವಸ್ತುತಿಗೆ ಬೇಕಾದರೂ ಹಾಕಬಹುದಾದ ಒಂದು ವಾಕ್ಯ ಉಳಿಯಿತು. ಪದಶಃ ಅರ್ಥ ಸ್ವಲ್ಪ ಒರಟಾಗಿದ್ದರೂ ಇರಲಿ. ದೀಪದ ಮುಂದೆ ಶ್ಲೋಕ ಹೇಳುವವರ ಮನಸ್ಸಿನಲ್ಲಿ ನಿಲ್ಲುವುದು ಆ ಚಿತ್ರ.

ವಿವರಣೆ ಬೇಕಾಗುವುದು ಪದಶಃ ಅರ್ಥ ಓದಿದ ಮೇಲೂ ಗಂಟು ಉಳಿದಾಗ. ಇಲ್ಲಿ ಉಳಿಯುವ ಗಂಟು ಎರಡು. ಚಂದ್ರ ಚಾಮರ ಯಾಕಾದ? ಶಿವ ಕಂಬ ಯಾಕಾದ? ಚಾಮರ ರಾಜಮರ್ಯಾದೆ. ದೊರೆಯ ತಲೆಯ ಬಳಿ ಬಿಳಿಯ ಚಾಮರ ಆಡುತ್ತದೆ. ಶಿವನ ತಲೆಯ ಮೇಲಿನ ಬಿಳಿ ಚಂದ್ರನೇ ಆ ಚಾಮರ, ಬೇರೆ ಯಾರೂ ಬೀಸಬೇಕಿಲ್ಲ. ಪಟ್ಟಣ ಕಟ್ಟುವಾಗ ಮೊದಲ ಕಂಬ ನಿಂತ ಮೇಲೆಯೇ ಉಳಿದದ್ದು ಏಳುವುದು. ಮೂರು ಲೋಕಕ್ಕೆ ಆ ಕಂಬ ಅವನು. ಇಷ್ಟು ಸಾಕು. ಇದಕ್ಕೆ ಇನ್ನೊಂದು ವಾಕ್ಯ ಸೇರಿಸಬೇಕು: ಇದು ಬಾಣ ಕವಿ ಬರೆದ ಹರ್ಷಚರಿತದ ಮೊದಲ ಶ್ಲೋಕ. ಬಾಣ 7ನೆಯ ಶತಮಾನದವನು, ಹರ್ಷವರ್ಧನನ ಆಸ್ಥಾನದಲ್ಲಿದ್ದವನು. ಕನ್ನಡ ನಾಡಿನ ಶಾಸನ ಬರೆದವರು ಅದನ್ನು ತಮ್ಮ ಬರಹದ ಮಂಗಳಕ್ಕೆ ತೆಗೆದುಕೊಂಡರು.

ಈ ಕೊನೆಯ ವಾಕ್ಯವನ್ನು ಹೇಳಲು ಕೆಲವರು ಹಿಂಜರಿಯುತ್ತಾರೆ. "ನಮ್ಮೂರ ಈಶ್ವರನ ಗೋಡೆಯ ಮೇಲೆ ಇರುವ ಶ್ಲೋಕ" ಎಂದು ಹೆಮ್ಮೆಪಟ್ಟವರಿಗೆ ಅದು ನೂರಾರು ಊರಲ್ಲಿದೆ ಎಂದರೆ ಬೇಜಾರಾಗಬಹುದು ಎಂದು. ನನಗೆ ಹಾಗೆ ಅನ್ನಿಸುವುದಿಲ್ಲ. ನೂರಾರು ಊರಿನ ಜನ, ನೂರಾರು ವರ್ಷ, ಶಿವನಿಗೆ ಭೂಮಿ ಬಿಡುವಾಗ ಇದೇ ಎರಡು ಸಾಲು ಹೇಳಿ ಶುರುಮಾಡಿದರು ಎಂದು ತಿಳಿದರೆ ಹೇಳುವವರ ದನಿ ಇನ್ನೂ ಗಟ್ಟಿಯಾಗುತ್ತದೆ. ಸೇರಿಸಬಾರದ್ದು ಬೇರೆ ಇದೆ. "ಇದನ್ನು ದಿನಾ ಹೇಳಿದರೆ ಮನೆ ಕಟ್ಟುವ ಯೋಗ ಬರುತ್ತದೆ" ಎಂದು ಪಟ್ಟಣ, ಕಂಬ ನೋಡಿ ಫಲ ಕಟ್ಟುವವರಿದ್ದಾರೆ. ಶ್ಲೋಕದಲ್ಲಿ ಅಂಥದ್ದೇನೂ ಇಲ್ಲ, ಕಲ್ಲಿನಲ್ಲೂ ಇಲ್ಲ.

ಒಂದು ಸೂಕ್ಷ್ಮವೂ ಇದೆ. "ಮೂಲಸ್ತಂಭ" ಎಂದಾಗ ಬ್ರಹ್ಮ ವಿಷ್ಣುಗಳಿಗೆ ತುದಿ ಮೊದಲು ಸಿಗದ ಬೆಂಕಿಯ ಕಂಬದ ಕತೆ ಶಿವಭಕ್ತರಿಗೆ ತಟ್ಟನೆ ನೆನಪಾಗುತ್ತದೆ. ಅದನ್ನು ಅರ್ಥದೊಳಗೆ ಸೇರಿಸಿ "ಜ್ಯೋತಿಸ್ತಂಭವಾದ ಶಿವನಿಗೆ" ಎಂದು ಬರೆದರೆ ತಪ್ಪಾಗುತ್ತದೆ, ಶ್ಲೋಕ ಹೇಳುವುದು ಪಟ್ಟಣ ಕಟ್ಟುವ ಕಂಬವನ್ನು. ವಿವರಣೆಯಲ್ಲಿ "ಇಲ್ಲಿ ಲಿಂಗೋದ್ಭವದ ಕಂಬವೂ ನೆನಪಿಗೆ ಬರುತ್ತದೆ" ಎಂದು ಬರೆದರೆ ತಪ್ಪಿಲ್ಲ. ಅರ್ಥಕ್ಕೂ ವಿವರಣೆಗೂ ನಡುವಿನ ಗೆರೆ ಇದೇ. ಪದದಲ್ಲಿ ಇರುವುದು ಅರ್ಥ, ಪದ ಎಬ್ಬಿಸುವುದು ವಿವರಣೆ.

ಶ್ಲೋಕ ಎಲ್ಲಿ ಮುಗಿಯಿತು ಎಂದು ತೋರಿಸುವುದೂ ನಮ್ಮ ಕೆಲಸ. ಫೋಟೊದಲ್ಲಿ "ಶಂಭವೇ" ಆದ ಕೂಡಲೇ ಅದೇ ಸಾಲಿನಲ್ಲಿ "ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ" ಎಂದು ಮುಂದುವರಿಯಬಹುದು. ಎಲ್ಲ ಲೋಕಕ್ಕೆ ಆಸರೆಯಾದವನು, ಸಿರಿಗೂ ಭೂಮಿಗೂ ಒಡೆಯನಾದವನು. ಕೇಳಿದರೆ ಸಾಕ್ಷಾತ್ ವಿಷ್ಣುವಿನ ಸ್ತುತಿ. ಆದರೆ ಇವು ಚಾಲುಕ್ಯ ಚಕ್ರವರ್ತಿಗಳ ಬಿರುದುಗಳು. ಎಲ್ಲವನ್ನೂ ಒಟ್ಟಿಗೆ ಲಿಪ್ಯಂತರ ಮಾಡಿ ಕಳಿಸಿದರೆ ಪಾಪ, ಓದುವವರು ಶಿವನ ಜೊತೆ ರಾಜನಿಗೂ ದಿನಾ ಸಂಜೆ ನಮಸ್ಕಾರ ಹಾಕುತ್ತಾರೆ. ಎರಡು ಗೆರೆ ಹಾಕಿ "ಇಲ್ಲಿಗೆ ದೇವರ ಸ್ತುತಿ ಮುಗಿಯಿತು, ಮುಂದೆ ರಾಜನ ವಿಷಯ" ಎಂದು ಬರೆದುಬಿಡಬೇಕು.

ಈಗ ಕಲ್ಲಿನ ಕೆಳಭಾಗಕ್ಕೆ ಬರೋಣ. ಅಲ್ಲಿಯ ಫೋಟೊಗಳೇ ಜಾಸ್ತಿ ಬರುತ್ತವೆ. ಕೆಳಗಿನ ಸಾಲುಗಳು ಕಣ್ಣಿನ ಮಟ್ಟಕ್ಕೆ ಹತ್ತಿರ ಇರುತ್ತವೆ, ಶ್ಲೋಕದ ಕೊನೆಯ ಎರಡು ಗೆರೆ ಎದ್ದು ಕಾಣುತ್ತವೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವ ಶ್ಲೋಕ ಇದು:

ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ |
ಷಷ್ಟಿರ್ವರ್ಷಸಹಸ್ರಾಣಿ ವಿಷ್ಠಾಯಾಂ ಜಾಯತೇ ಕ್ರಿಮಿಃ ||

ಸಂಸ್ಕೃತ ಬಾರದವರ ಕಿವಿಗೆ ಇದು ಚೆನ್ನಾಗಿ ಕೇಳುತ್ತದೆ. ಅನುಷ್ಟುಪ್ಪಿನ ನಡೆ, ನಡುವೆ "ಹರೇ" ಎಂದು ಬೇರೆ ಕೇಳಿಸುತ್ತದೆ, "ವಸುಂಧರಾ" ಇದೆ, "ಸಹಸ್ರ" ಇದೆ. ದೇವಸ್ಥಾನದ ಗೋಡೆಯ ಮೇಲಿದೆ. ಹೇಳಿಕೊಳ್ಳುವ ಸ್ತೋತ್ರ ಅಲ್ಲದೆ ಇನ್ನೇನು ಅನ್ನಿಸುತ್ತದೆ. ಅರ್ಥ ನೋಡಿ: ತಾನು ಕೊಟ್ಟ ಭೂಮಿಯಾಗಲಿ, ಬೇರೆಯವರು ಕೊಟ್ಟ ಭೂಮಿಯಾಗಲಿ, ಅದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ. "ಹರೇತ" ಎಂದರೆ ಕಿತ್ತುಕೊಂಡರೆ. ಅದರಲ್ಲಿ ಹರಿ ಇಲ್ಲ.

ಇಲ್ಲಿ ನಮ್ಮ ಕ್ರಮ ತಲೆಕೆಳಗಾಗಬೇಕು. ಮೊದಲು ಅರ್ಥ, ಅದರ ಹಿಂದೆಯೇ ವಿವರಣೆ, ಕೊನೆಗೆ ಬೇಕಾದರೆ ಲಿಪ್ಯಂತರ. ಲಿಪ್ಯಂತರವನ್ನು ಪಾದ ಬಿಡಿಸಿ, ಹೇಳಲು ಹದ ಮಾಡಿ ಕೊಡುವುದೂ ಬೇಡ, ಕಲ್ಲಿನ ಸಾಲಿನ ಹಾಗೇ ಇಟ್ಟರೆ ಸಾಕು. ನಾವು ಹಾಡುವ ಹಾಗೆ ಜೋಡಿಸಿ ಕೊಟ್ಟದ್ದನ್ನು ಓದುಗರು ಹಾಡಲಿಕ್ಕೇ ಕೊಟ್ಟದ್ದು ಎಂದುಕೊಳ್ಳುತ್ತಾರೆ.

ಅರ್ಥವನ್ನು ಮೆತ್ತಗೆ ಮಾಡುವ ಹಂಬಲ ಇಲ್ಲೂ ಬರುತ್ತದೆ. "ವಿಷ್ಠಾ" ಎಂದು ದೇವರ ಗುಡಿಯ ಮಾತಿನಲ್ಲಿ ಬರೆಯುವುದು ಹೇಗೆ ಎಂದು "ನರಕಕ್ಕೆ ಹೋಗುತ್ತಾನೆ" ಎಂದು ದಾಟಿಸುವವರಿದ್ದಾರೆ. ಕಲ್ಲು ಅಷ್ಟು ಕಟುವಾಗಿ ಮಾತಾಡಿದ್ದಕ್ಕೆ ಕಾರಣ ಇದೆ. ಭೂಮಿ ಬಿಟ್ಟವನು ಸಾಯುತ್ತಾನೆ, ರಾಜ್ಯ ಬದಲಾಗುತ್ತದೆ, ಮುಂದೆ ಬರುವ ಅಧಿಕಾರಿಗೆ ಆ ಗದ್ದೆಯ ಮೇಲೆ ಕಣ್ಣು ಬೀಳುತ್ತದೆ. ಆಗ ದೇವರ ದೀಪಕ್ಕೆ ಕಾವಲು ಯಾರು? ಅವನನ್ನು ಹೆದರಿಸಲಿಕ್ಕೆ ಈ ಶ್ಲೋಕ. ಇದನ್ನು ಹೇಳಿದರೆ ದೊಡ್ಡಮ್ಮನಂಥವರಿಗೆ ಬೇಜಾರಾಗುವುದಿಲ್ಲ, ತಟ್ಟನೆ ತಿಳಿಯುತ್ತದೆ. "ಹಂಗಾದ್ರೆ ಇದು ದೇವರಿಗಲ್ಲ, ಕಳ್ಳರಿಗೆ ಹೇಳಿದ್ದು" ಅಂದರು ಅವರು. ವಿವರಣೆಯ ಕೆಲಸ ಅಲ್ಲಿಗೆ ಮುಗಿಯಿತು.

ಕನ್ನಡದಲ್ಲೇ ಬರೆದ ಶಾಪವೂ ಇದರ ಪಕ್ಕದಲ್ಲಿ ಇರುತ್ತದೆ, ಅದು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಹಳೆಯ ಅಕ್ಷರಗಳ ನಡುವೆ "ಗಂಗೆ", "ವಾರಣಾಸಿ", "ಕವಿಲೆ" ಎಂಬ ಪದಗಳು ಗುರುತು ಸಿಕ್ಕರೆ ಓದುವವರು ಕಾಶಿಯ ಮಹಿಮೆ ಬರೆದಿದೆ ಎಂದು ಕೈಮುಗಿಯುತ್ತಾರೆ. ಪೂರ್ತಿ ವಾಕ್ಯ ಇರುವುದು ಹೀಗೆ: ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ದಡದಲ್ಲಿ, ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ. ಅಲ್ಲಲ್ಲಿ ಗೊತ್ತಾದ ಪದಗಳನ್ನು ಮಾತ್ರ ಲಿಪ್ಯಂತರ ಮಾಡಿ ಕೊಟ್ಟರೆ ಪುಣ್ಯದ ಪದಗಳೆಲ್ಲ ಕಾಣುತ್ತವೆ, ಶಾಪ ಕಾಣುವುದಿಲ್ಲ. ಇಂಥ ಸಾಲಿಗೆ ಅರ್ಥ ಇಲ್ಲದ ಲಿಪ್ಯಂತರ ಕೊಡಲೇಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಕೆಳಗಿನ ಶ್ಲೋಕಗಳೆಲ್ಲ ಶಾಪವೇ ಎಂದುಕೊಳ್ಳಬೇಡಿ. ಅದೇ ಜಾಗದಲ್ಲಿ ಇನ್ನೊಂದು ಬಹಳ ಸಲ ಸಿಗುತ್ತದೆ:

ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಂ |
ದಾನಾತ್ ಸ್ವರ್ಗಮವಾಪ್ನೋತಿ ಪಾಲನಾದಚ್ಯುತಂ ಪದಂ ||

ಕಲ್ಲಿನಲ್ಲಿ "ಯೋರ್ಮ್ಮಧ್ಯೇ" ಎಂದು ಮ ಎರಡು ಸಲ ಕಾಣಬಹುದು. ರೇಫದ ಮುಂದಿನ ಅಕ್ಷರವನ್ನು ಇಮ್ಮಡಿಸಿ ಬರೆಯುವುದು ಶಾಸನಗಳ ರೂಢಿ, ಧರ್ಮ್ಮ, ಸರ್ವ್ವ ಅನ್ನುವ ಹಾಗೆ. ಅದು ತಪ್ಪಲ್ಲ, ಇವತ್ತಿನ ಪಾಠದಲ್ಲಿ ಒಂದೇ ಬರೆದರಾಯಿತು. ಅರ್ಥ ಇದು: ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು, ಇವೆರಡರಲ್ಲಿ ಕೊಡುವುದಕ್ಕಿಂತ ಕಾಪಾಡುವುದೇ ಹೆಚ್ಚು. ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ "ಅಚ್ಯುತಂ ಪದಂ".

ಆ ಕೊನೆಯ ಎರಡು ಪದದಲ್ಲಿ ನಿಲ್ಲಬೇಕಾಗುತ್ತದೆ. ಅಚ್ಯುತ ಎಂದರೆ ಜಾರದ್ದು, ಕಳೆದುಹೋಗದ್ದು. ಸ್ವರ್ಗದ ಪಕ್ಕದಲ್ಲಿ ಇಟ್ಟು ನೋಡಿದರೆ ಲೆಕ್ಕ ಸರಿಹೋಗುತ್ತದೆ. ಸ್ವರ್ಗದಿಂದ ಪುಣ್ಯ ತೀರಿದ ಮೇಲೆ ಇಳಿಯಬೇಕು, ಈ ಸ್ಥಾನದಿಂದ ಇಳಿಯುವುದಿಲ್ಲ. ಆದರೆ ಅಚ್ಯುತ ವಿಷ್ಣುವಿನ ಹೆಸರೂ ಹೌದು, ಪದ ಎಂದರೆ ಪಾದವೂ ಹೌದು. ಕೇಶವನ ಗುಡಿಯಲ್ಲಿ ಈ ಸಾಲು ನೋಡಿದವರು "ಅಚ್ಯುತನ ಪಾದ ಸಿಗುತ್ತದೆ" ಎಂದು ಓದಿದರೆ ಅವರನ್ನು ತಿದ್ದಲು ಹೋಗಬೇಕೇ? ವ್ಯಾಕರಣ ಹಿಡಿದರೆ "ಅಚ್ಯುತಂ" ಅನ್ನುವುದು "ಪದಂ" ಅನ್ನುವುದಕ್ಕೆ ವಿಶೇಷಣ. ಅಚ್ಯುತನ ಪಾದ ಎಂದಾಗಬೇಕಿದ್ದರೆ "ಅಚ್ಯುತಪದಂ" ಎಂದೋ "ಅಚ್ಯುತಸ್ಯ" ಎಂದೋ ಇರಬೇಕಿತ್ತು. ಹಾಗಾಗಿ ಅರ್ಥದ ಸಾಲಿನಲ್ಲಿ "ಎಂದೂ ಜಾರದ ಸ್ಥಾನ" ಎಂದೇ ಬರೆಯುತ್ತೇನೆ. ವಿವರಣೆಯಲ್ಲಿ, ಈ ಪದದಲ್ಲಿ ಅಚ್ಯುತನ ಹೆಸರೂ ಕೇಳಿಸುತ್ತದೆ ಎಂದು ಸೇರಿಸುತ್ತೇನೆ. ಭಕ್ತರು ಕೇಳಿಸಿಕೊಂಡದ್ದಕ್ಕೂ ಜಾಗ ಇರುತ್ತದೆ, ಕಲ್ಲು ಹೇಳಿದ್ದೂ ಕೆಡುವುದಿಲ್ಲ. ಇದನ್ನು ದೇವರ ಮುಂದೆ ಹೇಳಬಹುದೇ ಎಂದರೆ ಇದು ಸ್ತುತಿಯಲ್ಲ, ನೀತಿ. ಹೇಳಿದರೆ ತಪ್ಪೇನೂ ಇಲ್ಲ. ಅರ್ಥ ಗೊತ್ತಿದ್ದು ಹೇಳಿದರೆ ಗುಡಿಯ ಆಸ್ತಿ ನೋಡಿಕೊಳ್ಳುವವರ ಕಿವಿಗೂ ಬೀಳಬೇಕಾದ ಮಾತು.

ಈ ಮೂರನ್ನೂ ಬೇರೆ ಬೇರೆ ಇಡುವ ಪದ್ಧತಿ ಹೊಸದಲ್ಲ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನದ ಪಾಠ ಕನ್ನಡ ಅಕ್ಷರದಲ್ಲಿ ಒಂದು ಕಡೆ, ರೋಮನ್ ಅಕ್ಷರದಲ್ಲಿ ಒಂದು ಕಡೆ, ಇಂಗ್ಲಿಷ್ ಅನುವಾದ ಮತ್ತೊಂದು ಕಡೆ ಇದೆ. ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿತು. ಗುಡಿಯ ಊರು, ತಾಲ್ಲೂಕು ಗೊತ್ತಿದ್ದರೆ ಫೋಟೊದ ಕಲ್ಲು ಅಲ್ಲಿ ಈಗಾಗಲೇ ಅಚ್ಚಾಗಿರುವ ಸಾಧ್ಯತೆ ದೊಡ್ಡದು. ಕಣ್ಣು ಕಿರಿದು ಮಾಡಿ ಫೋಟೊ ನೋಡುವ ಮುಂಚೆ ಅಲ್ಲಿ ಹುಡುಕುವುದು ಒಳ್ಳೆಯದು. ಒಂದು ವಿಷಯ ಮಾತ್ರ ಗಮನದಲ್ಲಿ ಇರಲಿ. ಆ ಅನುವಾದಗಳಲ್ಲಿ ಕೊನೆಯ ಶ್ಲೋಕಗಳನ್ನು "ಎಂದಿನ ಶ್ಲೋಕಗಳು" ಎಂದು ಹೇಳಿ ಬಿಟ್ಟುಬಿಡುವುದುಂಟು. ಇತಿಹಾಸಕ್ಕೆ ರಾಜ, ಕಾಲ, ದಾನ ಮುಖ್ಯ. ಪದೇ ಪದೇ ಬರುವ ಶ್ಲೋಕ ಬೇಕಿಲ್ಲ. ನಮ್ಮ ಓದುಗರು ಕೇಳಿದ್ದು ಅದನ್ನೇ. ಹಾಗಾಗಿ ಪುಸ್ತಕದಲ್ಲಿ ಅನುವಾದ ಸಿಗಲಿಲ್ಲ ಎಂದ ಮಾತ್ರಕ್ಕೆ ಶ್ಲೋಕ ಇಲ್ಲ ಎಂದುಕೊಳ್ಳಬಾರದು, ಪಾಠದ ಭಾಗ ತೆರೆದು ನೋಡಬೇಕು.

ಬೇರೆ ಲಿಪಿಯ ಗೋಡೆಯಾದರೆ ಲಿಪ್ಯಂತರದ ಕಷ್ಟವೇ ಬೇರೆ. ದೇವನಾಗರಿಯಿಂದ ಕನ್ನಡಕ್ಕೆ ತರುವುದು ಸಲೀಸು, ಅಕ್ಷರಕ್ಕೆ ಅಕ್ಷರ ಕೂಡುತ್ತದೆ. ತಮಿಳಿನಲ್ಲಿ ಹಾಗಲ್ಲ. ಅಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಆಂಡಾಳ್ ಅವರ ತಿರುಪ್ಪಾವೈಯ ಮೊದಲ ಪದಗಳನ್ನು ಗೋಡೆಯ ಅಕ್ಷರ ನೋಡಿ ಹಾಗೇ ಇಳಿಸಿದರೆ "ಮಾರ್ಕೞಿತ್ ತಿಂಕಳ್" ಎಂದಾಗುತ್ತದೆ. ಹೇಳುವುದು "ಮಾರ್ಗೞಿ ತ್ತಿಂಗಳ್" ಎಂದು. ಇಲ್ಲಿ ಅಕ್ಷರ ಬಿಟ್ಟು ಬಾಯಿಯನ್ನು ಹಿಡಿಯಬೇಕು, ಪಾರಾಯಣ ಮಾಡುವವರು ಹೇಳುವುದನ್ನು ಕೇಳಿ ಬರೆಯಬೇಕು. ಕೇಳಲು ದಾರಿ ಇಲ್ಲದಿದ್ದರೆ ಅರ್ಥ ಮಾತ್ರ ಕೊಟ್ಟು ಪಾಠವನ್ನು ಬಲ್ಲವರಿಗೆ ಬಿಡುವುದು ಲೇಸು.

ಕೊನೆಗೆ, ಗುರುತೇ ಸಿಗದ ಶ್ಲೋಕ. ಅರ್ಧ ಸಾಲು ಸುಣ್ಣದಲ್ಲಿ ಮುಚ್ಚಿದೆ, ಉಳಿದರ್ಧ ಸವೆದಿದೆ. "ನಮಸ್ತುಂಗ" ಆಗಿದ್ದರೆ ಹೋದ ಅಕ್ಷರ ತುಂಬಬಹುದಿತ್ತು, ಬೇರೆ ಕಲ್ಲುಗಳು ಸಾಕ್ಷಿ ಇವೆ. ಇದಕ್ಕೆ ಸಾಕ್ಷಿ ಇಲ್ಲ. ಆಗ ಓದಿದಷ್ಟು ಅಕ್ಷರ ಬರೆದು, ಹೋದ ಕಡೆ ಚುಕ್ಕೆ ಇಡಬೇಕು. ಖಚಿತವಾದ ಪದಗಳಿಗೆ ಮಾತ್ರ ಅರ್ಥ ಕೊಡಬೇಕು. ವಿವರಣೆ ಬೇಡ. ನಾಲ್ಕು ಪದದ ಮೇಲೆ ಕಟ್ಟಿದ ವಿವರಣೆ ನಾಳೆ ಆ ಊರಿನ ಸ್ಥಳಪುರಾಣ ಆಗಿಬಿಡುತ್ತದೆ. ಅದರ ಬದಲು ಇನ್ನೊಂದು ಫೋಟೊ ಕೇಳಿ. ಫ್ಲ್ಯಾಶ್ ಆರಿಸಿ, ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿಗೆ ತೆಗೆಯಲು ಹೇಳಿ. ಬಿಸಿಲು ಬಾರದ ಒಳಗೋಡೆಯಾದರೆ ಟಾರ್ಚನ್ನು ಪಕ್ಕದಿಂದ, ಗೋಡೆಗೆ ಹತ್ತಿರ ಹಿಡಿಯಲಿ. ಆಗ ಕೊರೆದ ಗೆರೆಯಲ್ಲಿ ನೆರಳು ಕೂತು ಅಕ್ಷರ ಏಳುತ್ತದೆ. ಅಕ್ಷರ ಕಾಣಲಿ ಎಂದು ಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಉಜ್ಜಬಾರದು. ಮೊದಲು ಇಡೀ ಕಲ್ಲಿನದು ಒಂದು ಫೋಟೊ, ಆಮೇಲೆ ಮೇಲಿನಿಂದ ಕೆಳಕ್ಕೆ ಎರಡೆರಡು ಸಾಲಿನದು ಒಂದೊಂದು, ಪ್ರತಿಯೊಂದರಲ್ಲೂ ಹಿಂದಿನದರ ಕೊನೆಯ ಸಾಲು ಸೇರಿರಬೇಕು. ಇಷ್ಟು ಬಂದರೆ ಶ್ಲೋಕ ಕಲ್ಲಿನ ತಲೆಯಲ್ಲಿದೆಯೋ, ಬುಡದಲ್ಲಿದೆಯೋ ಎಂದು ಕಾಣುತ್ತದೆ, ಮೂರರಲ್ಲಿ ಯಾವುದನ್ನು ಮೊದಲು ಬರೆಯಬೇಕು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ.